ಅನಾಮಧೇಯ ಅಭಿಪ್ರಾಯಗಳಿಂದ ಮೇಲಧಿಕಾರಿಗೆ ಒಂದು ಪುಟದ ವರದಿ: ಅಧ್ಯಯನ ಟಿಪ್ಪಣಿ

360 ಡಿಗ್ರಿ ಫೀಡ್‌ಬ್ಯಾಕ್ ಅಂದರೆ ಒಬ್ಬ ಅಧಿಕಾರಿಯ ಕೆಲಸದ ರೀತಿಯ ಬಗ್ಗೆ ಅವರ ಮೇಲಿನವರು, ಸಮಾನ ಹುದ್ದೆಯವರು, ಕೈಕೆಳಗಿನವರು ಮೂರೂ ಕಡೆಯಿಂದ ಅಭಿಪ್ರಾಯ ತರಿಸಿ, ಅವರು ತಮ್ಮ ಬಗ್ಗೆ ತಾವೇ ಬರೆದುಕೊಂಡದ್ದನ್ನೂ ಪಕ್ಕದಲ್ಲಿಟ್ಟು ನೋಡುವುದು. ಅಂಕಗಳ ಭಾಗ ಸುಲಭ, ಸರಾಸರಿ ತೆಗೆದರೆ ಮುಗಿಯಿತು. ತೊಡಕಾಗುವುದು ಬರಹದ ಭಾಗದಲ್ಲಿ. ಹೆಸರಿಲ್ಲದ ಹತ್ತಾರು ವಾಕ್ಯಗಳನ್ನು ನಾಲ್ಕೈದು ವಿಷಯಗಳಾಗಿ ಕೂಡಿಸುವುದು ಹೇಗೆ, ಎಲ್ಲಿ ಕೂಡಿಸಬಾರದು, ಇಷ್ಟನ್ನೇ ಇಲ್ಲಿ ನೋಡೋಣ.

ಅಭ್ಯಾಸಕ್ಕೆಂದು ಕಟ್ಟಿದ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ದಾವಣಗೆರೆಯಲ್ಲಿ ಮುಖ್ಯ ಕಚೇರಿ ಇರುವ ಒಂದು ಸಹಕಾರಿ ಬ್ಯಾಂಕು. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು ಸೇರಿ ಏಳು ಶಾಖೆ. ಅಭಿಪ್ರಾಯ ತರಿಸಿದ್ದು ಪ್ರಧಾನ ವ್ಯವಸ್ಥಾಪಕರ ಬಗ್ಗೆ, ವರದಿ ಹೋಗಬೇಕಾದ್ದೂ ಅವರಿಗೇ. ಅಭಿಪ್ರಾಯ ಕೊಟ್ಟವರು 16 ಜನ: ಆಡಳಿತ ಮಂಡಳಿಯ 3 ನಿರ್ದೇಶಕರು, ಸಮಾನ ಹುದ್ದೆಯ 4 ವಿಭಾಗ ಮುಖ್ಯಸ್ಥರು, ಕೈಕೆಳಗಿನ 9 ಜನ (ಏಳು ಶಾಖಾ ವ್ಯವಸ್ಥಾಪಕರು, ಇಬ್ಬರು ಮೇಲ್ವಿಚಾರಕರು). ಗೂಗಲ್ ಫಾರ್ಮ್‌ನಲ್ಲಿ ಬಂದದ್ದು 41 ಉತ್ತರ.

ಮೊದಲು ಒಡೆಯುವುದು

ಒಂದು ಉತ್ತರದಲ್ಲಿ ಒಂದೇ ಮಾತು ಇರುವುದು ಅಪರೂಪ. "ಒಳ್ಳೆ ಮನುಷ್ಯ, ಆದ್ರೆ ಫೈಲು ಬೇಗ ಬಿಡಲ್ಲ, ಮೀಟಿಂಗಲ್ಲಿ ನಮ್ಮ ಮಾತಿಗೆ ಜಾಗ ಇಲ್ಲ" ಎಂಬುದರಲ್ಲಿ ಮೂರು ಮಾತಿವೆ. ಇಡೀ ಉತ್ತರವನ್ನು ಒಂದು ವಿಷಯಕ್ಕೆ ಸೇರಿಸಿದರೆ ಉಳಿದೆರಡು ಕಳೆದುಹೋಗುತ್ತವೆ. ಹಾಗಾಗಿ ಒಂದು ಸಾಲಿಗೆ ಒಂದು ಮಾತಿನಂತೆ ಒಡೆಯಬೇಕು. ನಮ್ಮ 41 ಉತ್ತರ ಹೀಗೆ 58 ಸಾಲಾಗುತ್ತದೆ.

ಶೀಟಿನಲ್ಲಿ ನಾಲ್ಕು ಕಾಲಂ ಸಾಕು. A ಬರೆದವರ ಗುಪ್ತ ಸಂಖ್ಯೆ, B ಗುಂಪು, C ಒಡೆದ ಮಾತು, D ವಿಷಯದ ಗುರುತು. ಫಾರ್ಮ್ ತಾನಾಗಿ ಹಾಕುವ ಸಮಯದ ಕಾಲಂ ಅನ್ನು ಮೊದಲೇ ಅಳಿಸಿ, ಸಾಲುಗಳನ್ನು ಕಲಸಿಬಿಡಬೇಕು. "ಶುಕ್ರವಾರ ರಾತ್ರಿ 9ಕ್ಕೆ ಫಾರ್ಮ್ ತುಂಬಿದೆ" ಎಂದು ಯಾರೋ ಚಹಾ ಕುಡಿಯುತ್ತಾ ಹೇಳಿರುತ್ತಾರೆ. ಆಮೇಲೆ ಆ ಕಾಲಂ ನೋಡಿದವರಿಗೆ ಹೆಸರು ಸಿಕ್ಕ ಹಾಗೆಯೇ. ಆದರೆ A ಕಾಲಂ ಬೇಕೇ ಬೇಕು. ಯಾಕೆ ಎಂಬುದು ಎಣಿಕೆಯ ಹೊತ್ತಿಗೆ ಗೊತ್ತಾಗುತ್ತದೆ.

ಕೂಡಿಸುವುದು ಪದ ನೋಡಿ ಅಲ್ಲ

ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿ. ಈ ನಾಲ್ಕು ಸಾಲು ನೋಡಿ:

"ನಾವು ಬಾಯಿ ತೆರೆಯೋ ಮೊದಲೇ ತೀರ್ಮಾನ ಹೇಳಿಬಿಡ್ತಾರೆ."
"ಏನೇ ಕೇಳಿದ್ರೂ ಅವತ್ತೇ ನಿರ್ಧಾರ, ಅದೇ ಅವರ ಶಕ್ತಿ."
"ಸಾಲದ ಫೈಲು ಅವರ ಟೇಬಲ್ ಮೇಲೆ ವಾರಗಟ್ಟಲೆ ಕೂತಿರುತ್ತೆ."
"ಕಷ್ಟ ಅಂತ ಹೋದರೆ ಕೂರಿಸಿ ಪೂರ್ತಿ ಕೇಳ್ತಾರೆ."

ಮೊದಲ ಮೂರಕ್ಕೂ "ನಿರ್ಧಾರ" ಎಂಬ ಚೀಟಿ ಅಂಟಿಸುವ ಆಸೆಯಾಗುತ್ತದೆ. ಅಂಟಿಸಿದರೆ ಒಬ್ಬರು ಬೇಗ ಅನ್ನುತ್ತಾರೆ, ಇನ್ನೊಬ್ಬರು ತಡ ಅನ್ನುತ್ತಾರೆ, ಕೊನೆಗೆ ವರದಿಯಲ್ಲಿ ಬರುವುದು "ನಿರ್ಧಾರ ಕೈಗೊಳ್ಳುವ ಬಗ್ಗೆ ಮಿಶ್ರ ಅಭಿಪ್ರಾಯವಿದೆ". ಅದನ್ನು ಓದಿದ ಅಧಿಕಾರಿ ಮಾಡುವಂಥದ್ದು ಏನೂ ಇಲ್ಲ. ಒಂದನೆಯದನ್ನೂ ನಾಲ್ಕನೆಯದನ್ನೂ "ಕೇಳಿಸಿಕೊಳ್ಳುವ ಗುಣ" ಎಂದು ಕೂಡಿಸಿದರೂ ಇದೇ ಗತಿ: ಒಂದು ಇಲ್ಲ ಅನ್ನುತ್ತದೆ, ಇನ್ನೊಂದು ಇದೆ ಅನ್ನುತ್ತದೆ, ಎರಡೂ ಸೇರಿ ಸೊನ್ನೆ.

ಪ್ರತಿ ಸಾಲಿಗೂ ಎರಡು ಪ್ರಶ್ನೆ ಹಾಕಿ: ಅವರು ಏನು ಮಾಡುತ್ತಾರೆ? ಯಾವಾಗ, ಎಲ್ಲಿ? ಎರಡೂ ಹೊಂದಿದರೆ ಮಾತ್ರ ಕೂಡಿಸಿ. ಈಗ ಚಿತ್ರ ಬೇರೆಯಾಗುತ್ತದೆ. ಪ್ರತಿ ಸೋಮವಾರದ ಸಭೆಯಲ್ಲಿ ಚರ್ಚೆಗೆ ಮೊದಲೇ ತೀರ್ಮಾನ ಹೇಳುತ್ತಾರೆ. ಮಂಡಳಿ ಕೇಳಿದ್ದಕ್ಕೆ ಆ ದಿನವೇ ಉತ್ತರ ಕೊಡುತ್ತಾರೆ. ಶಾಖೆಯ ಮಿತಿ ಮೀರಿದ ಸಾಲದ ಫೈಲು ಅವರ ಬಳಿ ನಿಲ್ಲುತ್ತದೆ. ಒಬ್ಬರೇ ಹೋಗಿ ಮಾತಾಡಿದರೆ ಪೂರ್ತಿ ಕೇಳುತ್ತಾರೆ. ನಾಲ್ಕೂ ನಿಜ, ಒಂದಕ್ಕೊಂದು ವಿರೋಧವೇ ಇಲ್ಲ. ವಿರೋಧದಂತೆ ಕಂಡ ಎರಡು ಸಾಲು ಸಿಕ್ಕಾಗಲೆಲ್ಲ, ಯಾರು ಸರಿ ಎಂದು ಹುಡುಕುವ ಮೊದಲು ಅವರಿಬ್ಬರೂ ನೋಡಿದ ಸಂದರ್ಭ ಒಂದೇನಾ ಎಂದು ನೋಡಿ.

ಸಂದರ್ಭ ಒಂದೇ ಆಗಿ ಮಾಡಿದ್ದು ಬೇರೆಯಾದರೂ ಕೂಡಿಸಬಾರದು. "ಜಗಳೂರು ಕಟ್ಟಡದ ವಿಷಯಕ್ಕೆ ಎಲ್ಲರ ಮುಂದೆ ಬೈದರು" ಎಂಬ ಸಾಲೂ ಸೋಮವಾರದ ಸಭೆಯದ್ದೇ. ಆದರೆ ಮೊದಲೇ ತೀರ್ಮಾನ ಹೇಳುವುದು ಬೇರೆ, ಬೈಯುವುದು ಬೇರೆ. ಇವನ್ನು "ಸಭೆ ನಡೆಸುವ ರೀತಿ" ಎಂದು ಒಟ್ಟು ಹಾಕಿದರೆ, ಒಬ್ಬರು ಬರೆದ ಬೈಗುಳದ ಮಾತು, ಮೊದಲೇ ತೀರ್ಮಾನ ಹೇಳುವ ಬಗ್ಗೆ ಬರೆದ ಏಳು ಜನರ ಮಾತಿನ ಬಲ ಪಡೆದುಬಿಡುತ್ತದೆ. ಅಧಿಕಾರಿಗೆ ಅದು ಅನ್ಯಾಯ.

ಗುಣವಾಚಕಗಳನ್ನು ವಿಷಯದ ಹೆಸರಾಗಿ ಬಳಸದಿರಲು ಇನ್ನೊಂದು ಕಾರಣವಿದೆ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಫೀಡ್‌ಬ್ಯಾಕ್ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಸರಾಸರಿಯಲ್ಲಿ ಕೆಲಸ ಸುಧಾರಿಸಿದ್ದರೂ ಮೂರನೇ ಒಂದಕ್ಕಿಂತ ಹೆಚ್ಚು ಕಡೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದಿಂದ ಸರಿದು "ನಾನು ಎಂಥವನು" ಎಂಬುದರ ಕಡೆ ಹೋದಂತೆ ಫೀಡ್‌ಬ್ಯಾಕ್‌ನ ಪರಿಣಾಮ ಕುಗ್ಗುತ್ತದೆ ಎಂಬುದು ಅವರ ವಿವರಣೆ. "ಅಹಂಕಾರ" ಎಂದು ಬರೆದರೆ ಅವರು ವಾದಕ್ಕಿಳಿಯುತ್ತಾರೆ. "ಚರ್ಚೆಗೆ ಮೊದಲೇ ತೀರ್ಮಾನ" ಎಂದು ಬರೆದರೆ ಮುಂದಿನ ಸೋಮವಾರವೇ ಬದಲಿಸಬಹುದು.

ಎಣಿಸುವುದು ಜನರನ್ನು

ನಮ್ಮ 58 ಸಾಲು ಹೀಗೆ ಬೀಳುತ್ತದೆ. ಸಭೆಯ ತೀರ್ಮಾನ 11, ಸಾಲದ ಫೈಲು 9, ಒಬ್ಬರೇ ಹೋದಾಗ ಕೇಳುವುದು 7, ಮಂಡಳಿಗೆ ಬೇಗ ಉತ್ತರ 6. ಉಳಿದ 25ರಲ್ಲಿ 14 "ಒಳ್ಳೆಯವರು, ಶ್ರಮಜೀವಿ" ಎಂಬ ಬರೀ ಹೊಗಳಿಕೆ, 11 ಬಿಡಿ ಮಾತು. ಸಾಲು ಎಣಿಸಿದರೆ ಸಭೆ ಮತ್ತು ಫೈಲು ಹೆಚ್ಚು ಕಡಿಮೆ ಒಂದೇ ತೂಕ. ಜನರನ್ನು ಎಣಿಸಿದರೆ ಸಭೆಯ ಬಗ್ಗೆ ಬರೆದವರು 7, ಫೈಲಿನ ಬಗ್ಗೆ 4. ಫೈಲಿನ 9 ಸಾಲಿನಲ್ಲಿ 5 ಒಬ್ಬರದ್ದೇ. ಮನಸ್ಸು ನೊಂದವರು ಪ್ರತಿ ಪ್ರಶ್ನೆಯ ಕೆಳಗೂ ಅದನ್ನೇ ಬರೆಯುತ್ತಾರೆ. ಅದು ಸಹಜ, ಆದರೆ ಅವರು ಐದು ಜನ ಅಲ್ಲ. A ಕಾಲಂ ಬೇಕಾದ್ದು ಇದಕ್ಕೇ. ಗೂಗಲ್ ಶೀಟ್ಸ್‌ನಲ್ಲಿ, ಸಭೆಯ ವಿಷಯಕ್ಕೆ T1, ಕೈಕೆಳಗಿನವರ ಗುಂಪಿಗೆ S ಎಂದು ಗುರುತು ಹಾಕಿದ್ದರೆ:

```
=COUNTUNIQUEIFS(A2:A59, D2:D59, "T1", B2:B59, "S")
```

ನಮ್ಮ ಉದಾಹರಣೆಯಲ್ಲಿ ಇದು 6 ಕೊಡುತ್ತದೆ. ಸಮಾನ ಹುದ್ದೆಯವರಲ್ಲಿ 1, ನಿರ್ದೇಶಕರಲ್ಲಿ 0. ಆ ಸೊನ್ನೆಯನ್ನು "ನಿರ್ದೇಶಕರಿಗೆ ಈ ತೊಂದರೆ ಕಂಡಿಲ್ಲ" ಎಂದು ಓದಬೇಡಿ. ನಿರ್ದೇಶಕರು ಸೋಮವಾರದ ಸಭೆಗೆ ಬರುವುದೇ ಇಲ್ಲ. ನೋಡುವ ಅವಕಾಶ ಇದ್ದವರು 13 ಜನ, ಅವರಲ್ಲಿ 7 ಜನ ಹೇಳಿದ್ದಾರೆ. ಯಾವ ವಿಷಯಕ್ಕೂ "ಇಷ್ಟು ಜನರಲ್ಲಿ ಇಷ್ಟು" ಎಂದು ಲೆಕ್ಕ ಹಾಕುವಾಗ ಒಟ್ಟು ಸಂಖ್ಯೆ ನೋಡಬಲ್ಲವರದ್ದೇ ಆಗಿರಬೇಕು.

ಈ ಅಂಕಿಗಳು ನಿಮ್ಮ ಶೀಟಿನಲ್ಲೇ ಇರಲಿ. ವರದಿಯಲ್ಲಿ "ಒಟ್ಟು 7, ಕೈಕೆಳಗಿನವರು 6" ಎಂದು ಕೊಟ್ಟರೆ ಉಳಿದ ಒಬ್ಬರು ಯಾರೆಂದು ಕಳೆಯುವ ಲೆಕ್ಕ ಯಾರಿಗೂ ಬರುತ್ತದೆ. ಬದಲಿಗೆ ಪದಗಳಿಗೆ ಅಳತೆ ಗೊತ್ತು ಮಾಡಿಕೊಳ್ಳಿ: ನೋಡಬಲ್ಲವರಲ್ಲಿ ಅರ್ಧಕ್ಕಿಂತ ಹೆಚ್ಚಾದರೆ "ಹೆಚ್ಚಿನವರು", 3ರಿಂದ ಅರ್ಧದವರೆಗೆ "ಕೆಲವರು", 3ಕ್ಕಿಂತ ಕಡಿಮೆಯಾದರೆ ವಿಷಯವಾಗಿ ಬರೆಯುವುದಿಲ್ಲ. ಗುಂಪಿಗೂ ಇದೇ ಮಿತಿ. ನಿರ್ದೇಶಕರಲ್ಲಿ ಒಬ್ಬರು ಫಾರ್ಮ್ ತುಂಬದೆ ಇಬ್ಬರೇ ಉಳಿದರೆ ಅವರನ್ನು ಪ್ರತ್ಯೇಕ ತೋರಿಸದೆ ಸಮಾನ ಹುದ್ದೆಯವರ ಜತೆ ಸೇರಿಸಬೇಕು.

ಬಿಡಿ ಮಾತುಗಳಲ್ಲಿ ಲೈಂಗಿಕ ಕಿರುಕುಳದ ಆರೋಪವೇನಾದರೂ ಇದ್ದರೆ "ಒಬ್ಬರೇ ಬರೆದದ್ದು" ಎಂದು ಬಿಡುವಂತಿಲ್ಲ, ಈ ವರದಿಯಲ್ಲಿ ಹಾಕುವಂತೆಯೂ ಇಲ್ಲ. 10 ಅಥವಾ ಹೆಚ್ಚು ನೌಕರರಿರುವ ಕಡೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ದಾರಿ ಅಲ್ಲಿಗೆ. ಹೀಗೆ ಮಾಡುತ್ತೇವೆಂದು ಫಾರ್ಮ್‌ನ ಮೇಲ್ಭಾಗದಲ್ಲೇ ಮೊದಲು ತಿಳಿಸಿರಬೇಕು.

ಮಾತಿನ ಧಾಟಿಯೇ ಹೆಸರು ಹೇಳುತ್ತದೆ

ಕನ್ನಡದಲ್ಲಿ ಈ ಅಪಾಯ ಹೆಚ್ಚು, ನಮ್ಮ ಕಡೆ ಇನ್ನೂ ಹೆಚ್ಚು. ದಾವಣಗೆರೆಯ ಕಚೇರಿಗಳಲ್ಲಿ ಬಯಲುಸೀಮೆಯ ಮಾತು, ಮಲೆನಾಡಿನ ಅಂಚಿನ ಮಾತು, ಹುಬ್ಬಳ್ಳಿ ಕಡೆಯ ಮಾತು ಎಲ್ಲ ಒಂದೇ ಮೇಜಿನ ಸುತ್ತ ಕೂತಿರುತ್ತವೆ. "ಹೇಳಾಕ ಹೋದ್ರ ಕೇಳಂಗಿಲ್ರೀ" ಎಂಬ ಸಾಲನ್ನು ಹಾಗೇ ಉಲ್ಲೇಖಿಸಿದರೆ, ಒಂಬತ್ತು ಜನರಲ್ಲಿ ಆ ಕಡೆಯವರು ಒಬ್ಬರೇ ಇದ್ದರೆ, ಹೆಸರು ಬರೆದಂತೆಯೇ. "ಸಾಹೇಬರು" ಎನ್ನುವವರು ಒಬ್ಬರೇ, ಉಳಿದವರೆಲ್ಲ "ಸರ್" ಅನ್ನುವವರಾದರೆ ಅದೂ ಅಷ್ಟೇ. ಆದ್ದರಿಂದ ಉಲ್ಲೇಖ ಚಿಹ್ನೆಯಲ್ಲಿ ಯಾರ ಮಾತನ್ನೂ ಯಥಾವತ್ತಾಗಿ ಕೊಡದೆ, ಎಲ್ಲವನ್ನೂ ಒಂದೇ ಬರಹದ ಕನ್ನಡಕ್ಕೆ ತನ್ನಿ. ಊರು, ತಾರೀಕು, ಫೈಲಿನ ಹೆಸರು ತೆಗೆಯಿರಿ.

ತೆಗೆಯುವಾಗ ಕ್ರಿಯಾಪದವನ್ನು ಮಾತ್ರ ಮುಟ್ಟಬೇಡಿ. "ಮೊದಲೇ ತೀರ್ಮಾನ ಹೇಳುತ್ತಾರೆ" ಎಂಬುದು "ಸಂವಹನ ಇನ್ನಷ್ಟು ಉತ್ತಮಗೊಳ್ಳಬಹುದು" ಆಗಿಬಿಟ್ಟರೆ ಬರೆದವರ ಶ್ರಮವೆಲ್ಲ ನೀರುಪಾಲು. ದೊಡ್ಡವರಿಗೆ ಕೊಡುವ ವರದಿ ಎಂಬ ಅಂಜಿಕೆಯಲ್ಲಿ ಈ ತಪ್ಪು ತುಂಬಾ ಆಗುತ್ತದೆ. ಪರೀಕ್ಷೆ ಸುಲಭ: ನಿಮ್ಮ ವಾಕ್ಯ ಓದಿದವರು ನಾಳೆ ಏನನ್ನು ಬಿಡಬೇಕು ಅಥವಾ ಮಾಡಬೇಕು ಎಂದು ಹೇಳಲಾಗದಿದ್ದರೆ ಕ್ರಿಯಾಪದ ಹೋಗಿದೆ ಎಂದರ್ಥ.

ಬರೆಯುವುದು

ಬರೆಯುವ ಮುನ್ನ ಅವರ ಸ್ವಂತ ಉತ್ತರ ತೆಗೆದು ನೋಡಿ. ನಮ್ಮ ಉದಾಹರಣೆಯಲ್ಲಿ ಪ್ರಧಾನ ವ್ಯವಸ್ಥಾಪಕರು "ಎಲ್ಲರನ್ನೂ ಕೇಳಿಯೇ ತೀರ್ಮಾನಿಸುತ್ತೇನೆ" ಎಂದು ಬರೆದಿದ್ದಾರೆ. ಸುಳ್ಳು ಎಂದು ತೋರುತ್ತದೆ, ಆದರೆ T1ರ 11 ಸಾಲನ್ನು ಮತ್ತೆ ಓದಿದರೆ ಒಂದು ಕಡೆ ಸಿಗುತ್ತದೆ: "ಹೇಳಿದ ಮೇಲೆ 'ಏನಂತೀರಿ' ಅಂತ ಕೇಳ್ತಾರೆ, ಆಗ ಯಾರು ಏನು ಹೇಳೋದು?" ಕೇಳುವುದು ನಿಜ, ಕೇಳುವ ಸಮಯ ತಡ. ಅವರು ಪ್ರಾಮಾಣಿಕವಾಗಿಯೇ ಬರೆದಿದ್ದಾರೆ, ಇವರೂ ಅಷ್ಟೇ. ವರದಿಯ ಪ್ಯಾರಾ ಈ ಗಂಟನ್ನು ಬಿಚ್ಚಿ ತೋರಿಸಬೇಕು:

"ವಾರದ ಸಭೆಯಲ್ಲಿ ತೀರ್ಮಾನವನ್ನು ಮೊದಲು ಹೇಳಿ ಆಮೇಲೆ ಅಭಿಪ್ರಾಯ ಕೇಳುತ್ತೀರಿ ಎಂದು ಸಭೆಯಲ್ಲಿ ಭಾಗವಹಿಸುವ ಹೆಚ್ಚಿನವರು ಬರೆದಿದ್ದಾರೆ. ಆ ಹೊತ್ತಿಗೆ ಬೇರೆ ಮಾತು ಹೇಳುವುದು ಎದುರಾಡಿದಂತೆ ಕಾಣುವುದರಿಂದ ಸುಮ್ಮನಾಗುತ್ತಾರೆ. ಒಬ್ಬರೇ ಬಂದು ಮಾತಾಡಿದಾಗ ಪೂರ್ತಿ ಕೇಳುತ್ತೀರಿ ಎಂದೂ ಕೆಲವರು ಬರೆದಿದ್ದಾರೆ. ಸಭೆಯಲ್ಲೂ ಮೊದಲು ಕೇಳಿ, ನಂತರ ತೀರ್ಮಾನ ಹೇಳಬೇಕೆಂಬುದು ಅವರ ಅಪೇಕ್ಷೆ."

ಏನು ಮಾಡುತ್ತಾರೆ, ಎಲ್ಲಿ, ಅದರಿಂದ ಏನಾಗುತ್ತದೆ, ಏನು ಬೇಕು ಎಂಬ ನಾಲ್ಕೂ ಇದರಲ್ಲಿ ಇವೆ. ಒಂದು ಪುಟದಲ್ಲಿ ಇಂಥ ನಾಲ್ಕು ಪ್ಯಾರಾ ಹಿಡಿಯುತ್ತದೆ: ಉಳಿಸಿಕೊಳ್ಳಬೇಕಾದ್ದು ಎರಡು, ಬದಲಿಸಬೇಕಾದ್ದು ಎರಡು. ಫೈಲಿನ ವಿಷಯ "ಕೆಲವರು" ಎಂದೇ ಬರಲಿ, ಆದರೆ ಪರಿಣಾಮವನ್ನು ಕುಗ್ಗಿಸಬೇಡಿ. ಮುಂಗಾರಿನ ಮೆಕ್ಕೆಜೋಳ ಬಿತ್ತನೆಗೆ ಮೊದಲು ಸಾಲ ಸಿಗದಿದ್ದರೆ ಆಮೇಲೆ ಸಿಕ್ಕಿದ್ದು ಆ ಹಂಗಾಮಿಗೆ ಬರುವುದಿಲ್ಲ.

ಕೊಡುವ ಮುನ್ನ ಇನ್ನೊಬ್ಬರ ಕೈಲಿ ಪರೀಕ್ಷೆ ಮಾಡಿಸಿ. ಅಭಿಪ್ರಾಯ ಕೊಡದವರಾಗಿರಬೇಕು, ಗುಟ್ಟು ಕಾಯುವವರಾಗಿರಬೇಕು. A, B, D ಕಾಲಂ ಮರೆಮಾಡಿ ಯಾವುದಾದರೂ 15 ಸಾಲು ಕೊಟ್ಟು, ನಿಮ್ಮ ವಿಷಯಗಳ ಪಟ್ಟಿಗೆ ಹಂಚಲು ಹೇಳಿ. ಮೂರಕ್ಕಿಂತ ಹೆಚ್ಚು ಕಡೆ ಅವರ ಹಂಚಿಕೆ ಬೇರೆ ಬಂದರೆ ವಿಷಯದ ವಿವರಣೆ ಸಡಿಲವಾಗಿದೆ, ಮತ್ತೆ ಬರೆಯಿರಿ.

ವರದಿಯನ್ನು ಮೇಲ್ ಮಾಡಿ ಸುಮ್ಮನಾಗದೆ ಎದುರು ಕೂತು ಕೊಡಿ. "ಇದನ್ನು ಬರೆದವರು ಯಾರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಮಾತನ್ನು ಮುಂದಿನ ಸೋಮವಾರದ ಸಭೆಯ ಕಡೆ ತಿರುಗಿಸಿ. ಮೂಲ ಉತ್ತರಗಳನ್ನು ತೋರಿಸಲು ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ, ಮತ್ತು ಹಾಗೆ ಹೇಳುವುದು ಸುಲಭವಾಗಲಿ ಎಂದರೆ ಎಣಿಕೆ ಮುಗಿದು ವರದಿ ಅಂತಿಮವಾದ ದಿನವೇ ಫಾರ್ಮ್‌ನ ಉತ್ತರಗಳನ್ನೂ ಶೀಟನ್ನೂ ಅಳಿಸಿ, ಗೂಗಲ್ ಡ್ರೈವ್‌ನ ಟ್ರ್ಯಾಶ್ ಅನ್ನೂ ಖಾಲಿ ಮಾಡಿಬಿಡಿ.