ಫ್ರೆಂಚಿನ ‘ಇ’, ‘ಆಂ’: ಕನ್ನಡಕ್ಕೆ ತರುವಾಗ ಯಾವುದನ್ನು ಹುಡುಕಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುತ್ತಿದ್ದೇನೆ. y ಎಂದು ಬರೆಯುವ ‘ಇ’ ಅಂದರೆ ಅಲ್ಲಿ, en ಎಂದು ಬರೆಯುವ ‘ಆಂ’ ಅಂದರೆ ಅದರಿಂದ ಎಂದು ಬರೆದುಕೊಂಡಿದ್ದೆ. ಕಥೆ ಅನುವಾದಿಸಲು ಕೂತರೆ ಎರಡೂ ಕೈಕೊಡುತ್ತಿವೆ. ಯಾಕೆ?

ಉತ್ತರ: ಆ ಅರ್ಥಗಳು ಸ್ಥಳದ ವಿಷಯ ಬಂದಾಗ ಮಾತ್ರ ಸರಿ. ಈ ಪುಟ್ಟ ಪದಗಳು ಒಂದು ಇಡೀ ಪದಗುಚ್ಛವನ್ನು ನುಂಗಿಕೊಂಡು ಕೂತಿರುತ್ತವೆ. ‘ಇ’ ನುಂಗುವುದು ಹೆಚ್ಚಾಗಿ ‘ಆ’ ಎಂಬ ಉಪಸರ್ಗದಿಂದ ಶುರುವಾಗುವುದನ್ನು, ‘ಆಂ’ ನುಂಗುವುದು ‘ದ’ದಿಂದ ಶುರುವಾಗುವುದನ್ನು. ಇದನ್ನು ನೋಡಿ:

```
— Il faut vendre la maison avant l'été.
— J'y pense. Mais n'en parle pas à Maman.
```

ಬರೆದುಕೊಂಡ ಅರ್ಥ ಹಾಕಿದರೆ ‘ಅಲ್ಲಿ ಯೋಚಿಸುತ್ತೇನೆ, ಅದರಿಂದ ಮಾತಾಡಬೇಡ’ ಎಂದಾಗುತ್ತದೆ. ಹಾಗಾಗಿ ಮೊದಲು ಕ್ರಿಯಾಪದ ಹಿಡಿಯಿರಿ. ಇಲ್ಲಿ ಯೋಚಿಸುವ ಕ್ರಿಯಾಪದ ಕೇಳುವುದು ‘ಆ’, ಮಾತಾಡುವುದು ಕೇಳುವುದು ‘ದ’. ‘ಯಾವುದರ ಬಗ್ಗೆ?’ ಎಂದು ಕೇಳಿಕೊಂಡು, ಸಿಕ್ಕ ಉತ್ತರವನ್ನು ಫ್ರೆಂಚಿನಲ್ಲೇ ಪೂರ್ತಿ ಬರೆದು ನೋಡಿ. ಹತ್ತಿರದ ನಾಮಪದಗಳು ಮನೆ ಮತ್ತು ಬೇಸಿಗೆ. ಆದರೆ ‘ಮಾರಬೇಕು’ ಎಂಬ ಮಾತಿಗೆ ‘ಬೇಸಿಗೆಯ ಬಗ್ಗೆ ಯೋಚಿಸುತ್ತಿದ್ದೇನೆ’ ಎಂಬುದು ಉತ್ತರವೇ ಅಲ್ಲ. ನುಂಗಿದ್ದು ಬೇಸಿಗೆಗೆ ಮುಂಚೆ ಮನೆ ಮಾರುವ ಇಡೀ ಮಾತನ್ನು. ಕನ್ನಡದಲ್ಲಿ ಎರಡು ಕಡೆಯೂ ‘ಅದು’ ಹಾಕಿದರೆ ಓದುಗರ ಮನಸ್ಸು ಮನೆಗೇ ಅಂಟಿಕೊಳ್ಳುತ್ತದೆ. ಹೀಗೆ ಬರೆದರೆ ಸಲೀಸು: ‘ನಾನೂ ಅದನ್ನೇ ಯೋಚಿಸ್ತಿದ್ದೀನಿ. ಆದ್ರೆ ಮಾರೋ ವಿಷಯ ಅಮ್ಮನ ಹತ್ರ ಎತ್ತಬೇಡ.’

ಅದೇ ಯೋಚಿಸುವ ಕ್ರಿಯಾಪದಕ್ಕೆ ‘ಆಂ’ ಸೇರಿದರೆ ಅರ್ಥವೇ ಬೇರೆ. ಅದು ಅಭಿಪ್ರಾಯ ಕೇಳುವ ಮಾತು: ‘ನಿನಗೇನು ಅನ್ಸುತ್ತೆ?’

ಇನ್ನು ಎಣಿಕೆ. ಅನುವಾದಕರು ಹೆಚ್ಚು ಎಡವುವುದು ಇಲ್ಲೇ ಎಂದು ನಮಗನಿಸುತ್ತದೆ.

```
J'en ai deux.
```

ಫ್ರೆಂಚಿಗೆ ಪೆನ್ನಾದರೂ ಒಂದೇ, ಅಣ್ಣತಮ್ಮಂದಿರಾದರೂ ಒಂದೇ. ಕನ್ನಡಕ್ಕೆ ಹಾಗಲ್ಲ. ಪೆನ್ನಾದರೆ ‘ನನ್ನ ಹತ್ರ ಎರಡಿವೆ’, ಒಡಹುಟ್ಟಿದವರಾದರೆ ‘ನನಗೆ ಇಬ್ಬರಿದ್ದಾರೆ’. ಸಂಖ್ಯಾಪದ, ವಿಭಕ್ತಿ, ಕ್ರಿಯಾಪದ ಮೂರೂ ಬದಲಾಗುತ್ತವೆ. ಆದ್ದರಿಂದ ಏನನ್ನು ಎಣಿಸುತ್ತಿದ್ದಾರೆಂದು ತಿಳಿಯುವ ತನಕ ಈ ವಾಕ್ಯ ಮುಟ್ಟಬೇಡಿ. ಅದು ಎರಡು ಪುಟ ಹಿಂದಿದ್ದರೂ ಹೋಗಿ ನೋಡಿ. (ಅಣ್ಣನೋ ತಮ್ಮನೋ ಎಂಬುದು ಬೇರೆಯೇ ತಲೆನೋವು.) ಸಿಕ್ಕಮೇಲೆ ‘ಆಂ’ಗೆ ಪದವನ್ನೇ ಕೊಡಬೇಕಿಲ್ಲ. ‘ಇಬ್ಬರು’ ಎಂಬುದರಲ್ಲೇ ಅದು ಅಡಗಿರುತ್ತದೆ.

ಸ್ಥಳವಾದರೆ ವಿಭಕ್ತಿ ನೋಡಿಕೊಂಡರೆ ಸಾಕು: ಹೋಗುವಾಗ ‘ಅಲ್ಲಿಗೆ’, ಇರುವಾಗ ‘ಅಲ್ಲಿ’, ಬರುವಾಗ ‘ಅಲ್ಲಿಂದ’. ಮೊದಲೆರಡಕ್ಕೂ ಫ್ರೆಂಚಿನಲ್ಲಿ ‘ಇ’ ಒಂದೇ.

ಕೊನೆಗೆ, ಎಷ್ಟು ಹುಡುಕಿದರೂ ಹಿಂದೆ ಏನೂ ಸಿಗದ ಜಾಗಗಳಿವೆ:

```
il y a
je m'en vais
```

‘ಇದೆ’, ‘ಹೊರಟೆ’ ಅಷ್ಟೇ. ಇವು ಕಟ್ಟಿಟ್ಟ ನುಡಿಗಟ್ಟುಗಳು, ಒಳಗೆ ಯಾವ ಪದಗುಚ್ಛವೂ ಇಲ್ಲ.