ಹೇಳಿದರೆ ಮನೆಯವರು ದೂರ ಮಾಡ್ತಾರಾ?

ಶಿರಸಿ ಹತ್ತಿರದ ಹಳ್ಳಿಯ ಹುಡುಗ. ವಯಸ್ಸು 26, ಬೆಂಗಳೂರಲ್ಲಿ ಕೆಲಸ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ತನಗೆ ಆಕರ್ಷಣೆ ಇರುವುದು ಗಂಡಸರ ಮೇಲೆ ಎನ್ನುವುದು ಅವನಿಗೆ ಹೈಸ್ಕೂಲಿನಿಂದಲೇ ಗೊತ್ತು. ಈಗ ಅಪ್ಪ ಮೂರು ಮನೆಗೆ ಜಾತಕ ಕೊಟ್ಟಿದ್ದರು. ನನ್ನೆದುರು ಕೂತು ಅವನು ಹೇಳಿದ್ದು ಒಂದೇ ಮಾತು: "ಹೇಳಿದ್ರೆ ಎಲ್ಲಾ ಮುಗೀತು, ಅಲ್ವಾ ಮೇಡಂ?"

ಈ "ಎಲ್ಲಾ" ಅನ್ನುವ ಶಬ್ದದ ಹತ್ತಿರವೇ ನಾನು ಮೊದಲು ನಿಲ್ಲುತ್ತೇನೆ. ಭಯ ಯಾವಾಗಲೂ ಗಂಟಾಗಿ ಬರುತ್ತದೆ. ಬಿಚ್ಚಿದರೆ ಒಳಗೆ ಬೇರೆ ಬೇರೆ ಭಯಗಳಿರುತ್ತವೆ. ಹೊಡೀತಾರಾ, ಕೂಡಿಹಾಕ್ತಾರಾ? ಊಟಕ್ಕೆ, ಫೀಸಿಗೆ, ಇರಲಿಕ್ಕೆ ತೊಂದರೆ ಆಗ್ತದಾ? ನನ್ನ ಮೇಲಿನ ಪ್ರೀತಿ ಹೋಗ್ತದಾ? ಈ ಮೂರಕ್ಕೂ ಉತ್ತರ ಒಂದೇ ಅಲ್ಲ.

ಅವನ ಹತ್ತಿರ ಒಂದು ಹಾಳೆ ಕೊಟ್ಟು ಮನೆಯವರ ಹೆಸರು ಬರೆಸಿದೆ. ಒಬ್ಬೊಬ್ಬರೂ ಏನು ಮಾಡಬಹುದು, ಹಾಗಂತ ನಿನಗೆ ಅನಿಸಿದ್ದು ಯಾಕೆ ಎಂದು ಕೇಳಿದೆ. ಅಪ್ಪನ ಹೆಸರಿನ ಮುಂದೆ "ಮನೆಯಿಂದ ಹೊರಗೆ ಹಾಕ್ತಾರೆ" ಎಂದು ಬರೆದ. ಯಾಕೆ ಅಂದರೆ 2018ರ ಸೆಪ್ಟೆಂಬರ್ 6ರ ಸಂಜೆಯ ನೆನಪು. ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ಸುದ್ದಿ ಟಿವಿಯಲ್ಲಿ ಬರುತ್ತಿತ್ತು. ಕವಳ ಹಾಕುತ್ತ ಕೂತಿದ್ದ ಅಪ್ಪ "ಥೂ, ಎಂಥಾ ಕಾಲ ಬಂತು" ಎಂದು ಚಾನೆಲ್ ಬದಲಿಸಿದರು. ಹುಡುಗ ಆ ಮಾತನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದ.

ಅದು ಸುಳ್ಳು ಭಯ ಅಂತ ನಾನು ಹೇಳಲಿಲ್ಲ. ಆದರೆ ಅಪ್ಪ ಅದನ್ನು ಹೇಳಿದ್ದು ಟಿವಿಯಲ್ಲಿದ್ದ ಯಾರಿಗೋ, ಮಗನಿಗಲ್ಲ. ಹಾಗಾಗಿ ಇನ್ನೊಂದು ಪ್ರಶ್ನೆ ಕೇಳಿದೆ: ಮನೆಯಲ್ಲಿ ಯಾರಾದರೂ ಅಪ್ಪನಿಗೆ ಇಷ್ಟವಿಲ್ಲದ್ದು ಮಾಡಿದಾಗ ಅವರು ಏನು ಮಾಡಿದ್ದರು? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ. ಚಿಕ್ಕಪ್ಪನ ಮಗಳು ಬೇರೆ ಜಾತಿಯವನನ್ನು ಮದುವೆಯಾದಾಗ ಅಪ್ಪ ಮದುವೆಗೆ ಹೋಗಲಿಲ್ಲ. ವರ್ಷ ಕಳೆದು ಅವಳಿಗೆ ಮಗು ಆದಾಗ ಆಳಿನ ಕೈಯಲ್ಲಿ ತೋಟದ ಬಾಳೆಗೊನೆ ಕಳಿಸಿದ್ದರು. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಭಯ ಮದುವೆಗೆ ಹೋಗದ ಅಪ್ಪನನ್ನು ಮಾತ್ರ ನೆನಪಿಟ್ಟುಕೊಂಡಿತ್ತು.

ಎಲ್ಲರ ಹಾಳೆಯಲ್ಲೂ ಬಾಳೆಗೊನೆ ಇರುವುದಿಲ್ಲ. ಕಾರವಾರ ಕಡೆಯ ಒಬ್ಬ ಕಾಲೇಜು ಹುಡುಗಿಗೆ ನಾನೇ "ಈಗ ಬೇಡ" ಅಂದೆ. ಅಣ್ಣ ಹಿಂದೆ ಕೈ ಮಾಡಿದ್ದ, ಮೊಬೈಲ್ ಕಸಿದು ನೋಡುತ್ತಿದ್ದ, ಫೀಸು ಮನೆಯದ್ದೇ. ಅಲ್ಲಿ ಅವಳ ಭಯ ಸರಿಯಾಗಿಯೇ ಎಚ್ಚರಿಸುತ್ತಿತ್ತು. ಆಧಾರ್, ಮಾರ್ಕ್ಸ್ ಕಾರ್ಡ್ ಕೈಯಲ್ಲಿರಲಿ, ಸ್ವಂತ ಬ್ಯಾಂಕ್ ಖಾತೆ ಇರಲಿ, ಫೋನಿಗೆ ಲಾಕ್ ಇರಲಿ, ಒಂದು ರಾತ್ರಿ ಉಳಿಯಲಿಕ್ಕೆ ಗೆಳತಿಯ ಮನೆ ಇರಲಿ, ಓದು ಮುಗಿಯಲಿ. ಅಲ್ಲಿಯವರೆಗೆ ಹೇಳದೇ ಇದ್ದರೆ ಅದು ಹೇಡಿತನ ಅಲ್ಲ, ಮೋಸವೂ ಅಲ್ಲ. ಬದುಕುವುದೇ ಬೇಡ ಅನ್ನಿಸುವ ರಾತ್ರಿ ಬಂದರೆ ಮಾತ್ರ ಒಬ್ಬಳೇ ಇರಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು ಎಂದು ನಂಬರ್ ಬರೆದುಕೊಟ್ಟೆ. ಯಾವ ಹೊತ್ತಿಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಶಿರಸಿಯ ಹುಡುಗ ಮೊದಲು ಹೇಳಿದ್ದು ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ. ಅಪ್ಪನಿಗೂ ಆಯಿಗೂ ಚೌತಿಯಲ್ಲಿ ಹೇಳುತ್ತೇನೆ ಅಂತಿದ್ದ. ನೆಂಟರು ತುಂಬಿದ ಮನೆಯಲ್ಲಿ ಅಳಲಿಕ್ಕೂ ಜಾಗ ಇರುವುದಿಲ್ಲ, ಬೇಡ ಅಂದೆ. ಅಡಿಕೆ ಕೊಯ್ಲು ಮುಗಿದ ಮೇಲೆ, ಅಕ್ಕನೂ ಬಂದಿದ್ದ ಒಂದು ದಿನ, ಹಿತ್ತಿಲಲ್ಲಿ ಆಯಿಗೆ ಹೇಳಿದ. ಮದುವೆ ಮಾತಿನ ಜಗಳದ ನಡುವೆ ಬಾಯಿತಪ್ಪಿ ಹೇಳಿದ್ದರೆ ಅದು ಆಯಿಗೆ ಬೈಗುಳದಂತೆ ಕೇಳುತ್ತಿತ್ತು. ಹಾಗೆ ಆಗಿ ಕೆಟ್ಟದ್ದನ್ನು ನಾನು ಬಹಳ ಸಲ ನೋಡಿದ್ದೇನೆ.

ಆಯಿ ಮೊದಲು ಕೇಳಿದ್ದು, "ಮತ್ತ್ಯಾರಿಗೆ ಹೇಳಿದ್ದೆ?" ಆಮೇಲೆ, "ಡಾಕ್ಟರಿಗೆ ತೋರಿಸಿದ್ರೆ ಸರಿ ಆಗ್ತದಾ?" ಇದಕ್ಕೆ ಉತ್ತರ ಮೊದಲೇ ತಯಾರಿತ್ತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದೆ. ಬದಲಾಯಿಸುತ್ತೇನೆ ಎಂದು ಚಿಕಿತ್ಸೆ ಕೊಡುವುದು ವೈದ್ಯರಿಗೆ ತಕ್ಕ ನಡತೆಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಅಕ್ಕ ಇದನ್ನು ಆಯಿಗೆ ನಿಧಾನವಾಗಿ ಬಿಡಿಸಿ ಹೇಳಿದಳು. ಕೊನೆಗೆ ಆಯಿ ಕೇಳಿದ್ದು, "ವಯಸ್ಸಾದ ಮೇಲೆ ನಿನ್ನ ನೋಡ್ಕೊಳ್ಳೋರು ಯಾರು?" ಅವನಿಗೆ ಇದೂ ತಿರಸ್ಕಾರದಂತೆ ಕೇಳಿತ್ತು. ನನ್ನ ಹತ್ತಿರ ಬಂದು ಆ ಮಾತನ್ನು ಇನ್ನೊಮ್ಮೆ ಹೇಳುವಾಗ, ಅರ್ಧಕ್ಕೇ ನಿಲ್ಲಿಸಿ ಅತ್ತುಬಿಟ್ಟ.

ಅಪ್ಪನಿಗೆ ಆಯಿಯೇ ಹೇಳಿದ್ದಾರೆ. ನಾಲ್ಕು ತಿಂಗಳಾಯಿತು, ಅಪ್ಪ ಮಗನ ಜೊತೆ ಸರಿಯಾಗಿ ಮಾತಾಡಿಲ್ಲ. ಆದರೆ ಮೂರೂ ಮನೆಗೆ ತಾವೇ ಹೋಗಿ ಜಾತಕ ವಾಪಸ್ ತಂದು ಕಪಾಟಿನಲ್ಲಿಟ್ಟಿದ್ದಾರಂತೆ. ಯಾಕೆ ಅಂತ ಯಾರಿಗೂ ಹೇಳಿಲ್ಲ.