ಹೊಸ ಗ್ರಾಫಿಕ್ಸ್ ಕಾರ್ಡ್, ಹಳೆಯ ಕಾನ್ಫಿಗ್: ಆಟ ತೆರೆಯುವ ಮೊದಲೇ ಮುಚ್ಚಿಕೊಳ್ಳುವುದೇಕೆ?

ಕಳೆದ ತಿಂಗಳು ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ತಮ್ಮ ಕಂಪ್ಯೂಟರನ್ನು ನನ್ನ ಬಳಿ ತಂದರು. ಎನ್ವಿಡಿಯಾದ ಹಳೆಯ ಆರ್‌ಟಿಎಕ್ಸ್ 2060 ಕಾರ್ಡನ್ನು ತೆಗೆದು ಎಎಂಡಿಯ ಆರ್‌ಎಕ್ಸ್ 6700 ಎಕ್ಸ್‌ಟಿ ಹಾಕಿಕೊಂಡಿದ್ದರು. ಹಳೆಯ ಡ್ರೈವರನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿದ್ದರು, ವಿಂಡೋಸ್ ಸರಿಯಾಗಿತ್ತು, ಉಳಿದ ನಾಲ್ಕೈದು ಆಟಗಳು ಮೊದಲಿಗಿಂತ ಚೆನ್ನಾಗಿಯೇ ಓಡುತ್ತಿದ್ದವು. ಆದರೆ ಅವರು ಅತಿ ಹೆಚ್ಚು ಆಡುತ್ತಿದ್ದ ಒಂದು ಆಟ ಮಾತ್ರ ಲೋಗೊ ತೋರಿಸಿ, ಮೂರು ನಾಲ್ಕು ಸೆಕೆಂಡಿಗೆ ಯಾವ ಸಂದೇಶವನ್ನೂ ಕೊಡದೆ ಮುಚ್ಚಿಕೊಳ್ಳುತ್ತಿತ್ತು. ‘ಸರ್, ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಪೂರ್ತಿ ಡೌನ್‌ಲೋಡ್ ಮಾಡಿದೆ, ಏನೂ ಆಗಲಿಲ್ಲ. ಕಾರ್ಡೇ ಕೆಟ್ಟಿದೆಯಾ?’ ಎಂದು ಕೇಳಿದರು. ಕಾರ್ಡನ್ನು ಹಿಂತಿರುಗಿಸುವ ಗಡುವಿಗೆ ಎರಡೇ ದಿನ ಉಳಿದಿತ್ತು.

ಕಾರ್ಡ್ ಕೆಟ್ಟಿರಲಿಲ್ಲ. ಮರುಸ್ಥಾಪನೆಯಿಂದ ಏಕೆ ಪ್ರಯೋಜನವಾಗಲಿಲ್ಲ ಎಂಬುದರಲ್ಲಿಯೇ ತೊಂದರೆಯ ಸುಳಿವಿತ್ತು. ಸ್ಟೀಮ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿದಾಗ ಅಳಿಯುವುದು `steamapps\common` ಒಳಗಿನ ಆಟದ ಫೋಲ್ಡರ್. ಆಟವು ಓಡುವಾಗ ತಾನೇ ಬರೆದುಕೊಂಡ ಫೈಲ್‌ಗಳು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಅವು ಬಳಕೆದಾರರ `AppData` ಅಡಿಯಲ್ಲಿಯೋ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿಯೋ ಇದ್ದು, ಅನ್‌ಇನ್‌ಸ್ಟಾಲ್ ಅವುಗಳನ್ನು ಮುಟ್ಟುವುದಿಲ್ಲ. ಫೈಲ್‌ಗಳ ಸಮಗ್ರತೆಯನ್ನು ಪರಿಶೀಲಿಸುವ ಸ್ಟೀಮ್‌ನ ಆಯ್ಕೆಯೂ ತಾನು ಇಳಿಸಿಕೊಟ್ಟ ಫೈಲ್‌ಗಳನ್ನಷ್ಟೇ ನೋಡುತ್ತದೆ. ಹೀಗಾಗಿ ಆ ವಿದ್ಯಾರ್ಥಿ ಎರಡು ಸಲವೂ ಸರಿಯಾಗಿದ್ದ ಭಾಗವನ್ನೇ ಬದಲಿಸಿ, ಕೆಟ್ಟಿದ್ದ ಭಾಗವನ್ನು ಇದ್ದಲ್ಲೇ ಬಿಟ್ಟಿದ್ದರು.

ಹಾಗೆ ಉಳಿದುಕೊಳ್ಳುವ ಫೈಲ್‌ಗಳಲ್ಲಿ ಮೊದಲನೆಯದು ಕಾನ್ಫಿಗ್. ನಾವು ಗ್ರಾಫಿಕ್ಸ್ ಮೆನುವಿನಲ್ಲಿ ಆಯ್ದುಕೊಂಡದ್ದೆಲ್ಲ ಅಲ್ಲಿ ಸಾಲುಸಾಲಾಗಿ ಬರೆಯಲ್ಪಟ್ಟಿರುತ್ತದೆ: ರೆಸಲ್ಯೂಶನ್, ಪೂರ್ಣಪರದೆಯ ಬಗೆ, ರೇ ಟ್ರೇಸಿಂಗ್ ಇದೆಯೋ ಇಲ್ಲವೋ, ಚಿತ್ರವನ್ನು ಹಿಗ್ಗಿಸಲು ಯಾವ ತಂತ್ರ ಬೇಕು ಎಂಬಿತ್ಯಾದಿ. ಕೆಲವು ಆಟಗಳು ಯಾವ ಕಾರ್ಡಿನಲ್ಲಿ ಓಡಬೇಕು ಎಂಬುದನ್ನೂ ಹೆಸರಿನಿಂದಲೋ ಕ್ರಮಸಂಖ್ಯೆಯಿಂದಲೋ ಬರೆದಿಡುತ್ತವೆ. ಆಟ ನಡೆಯುತ್ತಿರುವಾಗ ನಮ್ಮ ಕಾರ್ಡಿಗೆ ಇಲ್ಲದ ಸೌಲಭ್ಯವನ್ನು ಆಯ್ಕೆ ಮಾಡಲು ಮೆನು ಬಿಡುವುದಿಲ್ಲ, ಆ ಸಾಲು ಅಲ್ಲಿ ಮಸುಕಾಗಿರುತ್ತದೆ. ಆದರೆ ಕಾನ್ಫಿಗ್ ಓದಲ್ಪಡುವುದು ಮೆನು ಹುಟ್ಟುವ ಮೊದಲು. ಅದರಲ್ಲಿ ಚಿತ್ರ ಹಿಗ್ಗಿಸುವ ತಂತ್ರವಾಗಿ ಡಿಎಲ್‌ಎಸ್‌ಎಸ್ ಎಂದು ಬರೆದಿದ್ದರೆ, ಅದು ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಮಾತ್ರ ಸಿಗುವ ಸೌಲಭ್ಯವೆಂದು ಪರೀಕ್ಷಿಸದೆ ಕೆಲವು ಆಟಗಳು ನೇರವಾಗಿ ಅದನ್ನು ಎಬ್ಬಿಸಲು ಹೋಗುತ್ತವೆ. ಪರೀಕ್ಷೆಯನ್ನು ಮೆನುವಿನಲ್ಲಿ ಬರೆದು, ಫೈಲ್ ಓದುವ ಕಡೆ ಬರೆಯಲು ಮರೆಯುವುದು ಪ್ರೋಗ್ರಾಮರುಗಳ ಹಳೆಯ ಚಾಳಿ.

ಎರಡನೆಯದು ಶೇಡರ್ ಕ್ಯಾಶ್, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬೆಳಕು, ನೆರಳು, ನೀರಿನ ಹೊಳಪು ಇವೆಲ್ಲವನ್ನೂ ಲೆಕ್ಕಹಾಕುವ ಪುಟ್ಟ ಪ್ರೋಗ್ರಾಮುಗಳೇ ಶೇಡರ್‌ಗಳು. ಆಟದ ಜೊತೆ ಬರುವ ಶೇಡರ್ ಯಾವ ಕಾರ್ಡಿಗೂ ಸೇರದ ಮಧ್ಯಂತರ ರೂಪದಲ್ಲಿರುತ್ತದೆ. ಅದನ್ನು ನಿಮ್ಮ ಕಾರ್ಡಿನ ಚಿಪ್ ನೇರವಾಗಿ ಪಾಲಿಸಬಲ್ಲ ಆಜ್ಞೆಗಳಾಗಿ ಪರಿವರ್ತಿಸುವುದು ಡ್ರೈವರಿನ ಕೆಲಸ. ಈ ಪರಿವರ್ತನೆಗೆ ಸಮಯ ಹಿಡಿಯುವುದರಿಂದ ಅದರ ಫಲವನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ಮುಂದಿನ ಸಲ ಹಾಗೆಯೇ ಬಳಸಲಾಗುತ್ತದೆ. 2060ಕ್ಕೆಂದು ಸಿದ್ಧವಾದ ಆಜ್ಞೆಗಳು 6700 ಎಕ್ಸ್‌ಟಿಗೆ ಅರ್ಥವಾಗುವುದಿಲ್ಲ. ಅದೇ ಕಂಪನಿಯ ಮುಂದಿನ ಪೀಳಿಗೆಯ ಕಾರ್ಡಿಗೂ ಅವು ಹೊಂದುತ್ತವೆ ಎಂಬ ಭರವಸೆಯಿಲ್ಲ.

ಹಾಗಾದರೆ ಕಾರ್ಡ್ ಬದಲಿಸಿದವರೆಲ್ಲರ ಆಟವೂ ಏಕೆ ನಿಂತುಹೋಗುವುದಿಲ್ಲ? ಏಕೆಂದರೆ ಈ ಸಂಗ್ರಹಕ್ಕೆ ಒಡೆಯರು ಬೇರೆ ಬೇರೆ. ಡ್ರೈವರ್ ತನಗಾಗಿ ಇಟ್ಟುಕೊಳ್ಳುವ ಸಂಗ್ರಹದಲ್ಲಿ (ಎನ್ವಿಡಿಯಾದ್ದು `NVIDIA\DXCache`, ಎಎಂಡಿಯದ್ದು `AMD\DxCache`, ಎರಡೂ ಸಾಮಾನ್ಯವಾಗಿ `%LOCALAPPDATA%` ಅಡಿಯಲ್ಲಿರುತ್ತವೆ) ಯಾವ ಚಿಪ್, ಯಾವ ಡ್ರೈವರ್ ಆವೃತ್ತಿ ಎಂಬ ಗುರುತಿರುತ್ತದೆ. ಹೊಂದದಿದ್ದರೆ ಡ್ರೈವರ್ ಅದನ್ನು ಬದಿಗಿಟ್ಟು ಹೊಸದಾಗಿ ಸಿದ್ಧಪಡಿಸುತ್ತದೆ. ಅದರಲ್ಲೂ ಕಂಪನಿಯೇ ಬದಲಾದಾಗ ಹಳೆಯ ಫೋಲ್ಡರನ್ನು ಹೊಸ ಡ್ರೈವರ್ ತೆರೆದೂ ನೋಡುವುದಿಲ್ಲ. ಅಂತರ್ಜಾಲದ ಸಲಹೆಗಳು ಮೊದಲು ಅಳಿಸಲು ಹೇಳುವುದು ಇದೇ ಫೋಲ್ಡರನ್ನು, ಆದರೆ ನನ್ನ ಅನುಭವದಲ್ಲಿ ಅದು ಅಪರೂಪಕ್ಕೆ ಮಾತ್ರ ತಪ್ಪಿತಸ್ಥ.

ನನಗೆ ಹೆಚ್ಚು ಅನುಮಾನ ಬರುವುದು ಆಟವೇ `AppData` ಅಡಿಯ ತನ್ನ ಸ್ವಂತ ಫೋಲ್ಡರಿನಲ್ಲಿ ಬರೆದಿಟ್ಟುಕೊಳ್ಳುವ ಸಂಗ್ರಹದ ಮೇಲೆ. ಡೈರೆಕ್ಟ್‌ಎಕ್ಸ್ 12ರಲ್ಲಿ ಆಟವು ಇಂಥ ಫೈಲನ್ನು ಮರಳಿ ತೆರೆಯಲು ಕೇಳಿದಾಗ, ಅದು ಬೇರೆ ಕಾರ್ಡಿನಲ್ಲಿ ಹುಟ್ಟಿದ್ದಾದರೆ ವ್ಯವಸ್ಥೆಯು ಸ್ಪಷ್ಟವಾಗಿಯೇ ನಿರಾಕರಿಸುತ್ತದೆ. ಆ ನಿರಾಕರಣೆಗೆ `D3D12_ERROR_ADAPTER_NOT_FOUND` ಎಂಬ ಹೆಸರಿದೆ; ಡ್ರೈವರ್ ಆವೃತ್ತಿ ಬದಲಾಗಿದ್ದರೆ `D3D12_ERROR_DRIVER_VERSION_MISMATCH` ಬರುತ್ತದೆ. ಎಚ್ಚರದಿಂದ ಬರೆದ ಆಟವು ಈ ಉತ್ತರ ಬಂದ ಕೂಡಲೇ ಹಳೆಯ ಫೈಲನ್ನು ಎಸೆದು ಖಾಲಿ ಸಂಗ್ರಹದಿಂದ ಆರಂಭಿಸುತ್ತದೆ. ಉತ್ತರವನ್ನು ಗಮನಿಸದ ಆಟವು ಸಿಗದೇ ಹೋದ ಸಂಗ್ರಹ ಸಿಕ್ಕಿದೆಯೆಂದೇ ಭಾವಿಸಿ ಮುಂದಿನ ಹೆಜ್ಜೆ ಇಡುತ್ತದೆ, ತನ್ನದಲ್ಲದ ನೆನಪಿನ ಜಾಗಕ್ಕೆ ಕೈಹಾಕುತ್ತದೆ, ವಿಂಡೋಸ್ ಅದನ್ನು ಅಲ್ಲೇ ಮುಚ್ಚುತ್ತದೆ.

ಮುಚ್ಚುವಾಗ ವಿಂಡೋಸ್ ಒಂದು ಟಿಪ್ಪಣಿಯನ್ನು ಬರೆದಿಡುತ್ತದೆ. ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಅಡಿಯ ಅಪ್ಲಿಕೇಶನ್ ವಿಭಾಗದಲ್ಲಿ 1000 ಸಂಖ್ಯೆಯ ದೋಷವನ್ನು ಹುಡುಕಿದರೆ ಅದು ಸಿಗುತ್ತದೆ. ಈ ಪ್ರಕರಣದಲ್ಲಿ ದೋಷ ಸಂಭವಿಸಿದ ಮಾಡ್ಯೂಲ್ ಎಂದು ಆಟದ `.exe` ಫೈಲಿನ ಹೆಸರೇ ಇತ್ತು, ಎಕ್ಸೆಪ್ಶನ್ ಕೋಡ್ `0xc0000005` ಎಂದಿತ್ತು. ತನ್ನದಲ್ಲದ ನೆನಪಿನ ಜಾಗವನ್ನು ಮುಟ್ಟಿದೆ ಎಂಬುದೇ ಆ ಕೋಡಿನ ಅರ್ಥ. ಮಾಡ್ಯೂಲ್ ಹೆಸರಿನ ಜಾಗದಲ್ಲಿ `amdxc64.dll` ಅಥವಾ `nvwgf2umx.dll` ಇದ್ದಿದ್ದರೆ, ಅವು ಡ್ರೈವರಿನ ಫೈಲ್‌ಗಳಾದ್ದರಿಂದ, ನಾನು ಮೊದಲು ಡ್ರೈವರಿನ ಕಡೆ ತಿರುಗುತ್ತಿದ್ದೆ. ಇದೊಂದೇ ಸಾಕ್ಷ್ಯದಿಂದ ತೀರ್ಪು ಕೊಡಲಾಗದು, ಏಕೆಂದರೆ ಆಟ ಕೊಟ್ಟ ಕೆಟ್ಟ ಮಾಹಿತಿಯಿಂದ ಡ್ರೈವರ್ ಬೀಳುವುದೂ ಉಂಟು. ಆದರೆ ಉಳಿದ ಆಟಗಳೆಲ್ಲ ಓಡುತ್ತಿರುವುದು, ಪ್ರತಿ ಸಲವೂ ಅದೇ ಕ್ಷಣದಲ್ಲಿ ಬೀಳುವುದು, ಮರುಸ್ಥಾಪನೆಗೂ ಜಗ್ಗದಿರುವುದು, ಈ ಮೂರೂ ಕೂಡಿದಾಗ ಹಳೆಯ ಫೈಲ್‌ಗಳನ್ನೇ ಹುಡುಕಬೇಕು. ಅರ್ಧ ಗಂಟೆ ಆಡಿದ ಮೇಲೆ, ದೃಶ್ಯ ಭಾರವಾದಾಗ ಪರದೆ ಕಪ್ಪಾಗುವುದಾದರೆ ಅದು ಬೇರೆ ಕಥೆ. ಅಲ್ಲಿ ಪವರ್ ಸಪ್ಲೈ ಮತ್ತು ಬಿಸಿಯನ್ನು ನೋಡಬೇಕು.

ಈಗ ಮಾಡಿದ್ದೇನೆಂದು ಹೇಳುತ್ತೇನೆ. ಮೊದಲು ಸ್ಟೀಮ್‌ನಲ್ಲಿ ಆ ಆಟದ ಪ್ರಾಪರ್ಟೀಸ್ ತೆರೆದು ಸ್ಟೀಮ್ ಕ್ಲೌಡ್ ಆಯ್ಕೆಯನ್ನು ನಿಲ್ಲಿಸಿದೆ. ಇದನ್ನು ಬಿಟ್ಟವರು ಗಂಟೆಗಟ್ಟಲೆ ಕಳೆದುಕೊಂಡದ್ದನ್ನು ಕಂಡಿದ್ದೇನೆ: ಕೆಲವು ಆಟಗಳು ಸೇವ್ ಫೈಲ್‌ಗಳ ಜೊತೆ ಕಾನ್ಫಿಗನ್ನೂ ಕ್ಲೌಡಿಗೆ ಕಳಿಸಿರುತ್ತವೆ, ನಾವಿಲ್ಲಿ ತೆಗೆದುಹಾಕಿದರೆ ಸ್ಟೀಮ್ ಅಲ್ಲಿಂದ ಹಳೆಯ ಪ್ರತಿಯನ್ನು ಮೌನವಾಗಿ ಇಳಿಸಿಡುತ್ತದೆ. ನಾವು ‘ಅಳಿಸಿದೆ, ಆದರೂ ಸರಿಹೋಗಲಿಲ್ಲ’ ಎಂದುಕೊಳ್ಳುತ್ತೇವೆ.

ಆಟ ಅನ್‌ರಿಯಲ್ ಎಂಜಿನ್‌ನಲ್ಲಿ ಕಟ್ಟಿದ್ದಾದ್ದರಿಂದ ಅದರ ಫೈಲ್‌ಗಳು `%LOCALAPPDATA%` ಒಳಗೆ ಆಟದ ಹೆಸರಿನ ಫೋಲ್ಡರಿನಲ್ಲಿ, `Saved` ಅಡಿಯಲ್ಲಿದ್ದವು. ಇಲ್ಲಿ ಆತುರ ಪಡಬಾರದು. ಕಾನ್ಫಿಗ್ ಇರುವ `Config` ಫೋಲ್ಡರಿನ ಪಕ್ಕದಲ್ಲೇ `SaveGames` ಇರುತ್ತದೆ, ಅದರಲ್ಲಿ ಆಟಗಾರರ ತಿಂಗಳುಗಳ ಪ್ರಗತಿಯಿರುತ್ತದೆ. `Saved` ಅನ್ನು ಇಡಿಯಾಗಿ ಅಳಿಸಿ ಕಣ್ಣೀರಿಟ್ಟವರಿದ್ದಾರೆ. ನಾನು ಮೊದಲು `SaveGames`ನ ಒಂದು ಪ್ರತಿಯನ್ನು ಡೆಸ್ಕ್‌ಟಾಪಿನಲ್ಲಿಟ್ಟು, ಬಳಿಕ ಕಾನ್ಫಿಗನ್ನು ಅಳಿಸದೆ ಹೆಸರನ್ನಷ್ಟೇ ಬದಲಿಸಿದೆ. ಪವರ್‌ಶೆಲ್‌ನಲ್ಲಿ, `GameName` ಇರುವಲ್ಲಿ ಆಟದ ಫೋಲ್ಡರಿನ ಹೆಸರು ಹಾಕಿ:

```
cd "$env:LOCALAPPDATA\GameName\Saved"
ren Config Config_old
```

ಆಟ ತೆರೆಯಿತು, ಲೋಗೊ ದಾಟಿತು, ಪರದೆ ಕಪ್ಪಾಯಿತು, ಮತ್ತೆ ಮುಚ್ಚಿತು. ವಿದ್ಯಾರ್ಥಿಯ ಮುಖ ಬಾಡಿತು. ನನಗೆ ಮಾತ್ರ ಸಮಾಧಾನವಾಯಿತು, ಏಕೆಂದರೆ ಬೀಳುವ ಜಾಗ ಮುಂದಕ್ಕೆ ಸರಿದಿತ್ತು. ಒಂದು ಅಡ್ಡಿ ತೆರವಾಗಿ ಆಟವು ಎರಡನೆಯದನ್ನು ತಲುಪಿದೆ ಎಂದೇ ಅದರ ಅರ್ಥ. `Saved` ಒಳಗಿನ ಫೈಲ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ, ಅಂದಿನ ದಿನಾಂಕದ ಹೊಸ `Config` ಮೇಲೆ ಬಂತು, ಸುಮಾರು 200 ಎಂಬಿಯ ಒಂದು ಕ್ಯಾಶ್ ಫೈಲ್ ಕೆಳಗುಳಿಯಿತು. ಅದು ಕಡೆಯದಾಗಿ ಬದಲಾದದ್ದು ಕಾರ್ಡ್ ಬದಲಿಸುವ ಹಿಂದಿನ ರಾತ್ರಿ. ಹೊಸ ಕಾರ್ಡಿನಲ್ಲಿ ಇಷ್ಟು ಸಲ ಆಟ ತೆರೆದಿದ್ದರೂ ಆ ಫೈಲಿಗೆ ಒಮ್ಮೆಯೂ ಬರೆಯಲಾಗಿಲ್ಲವೆಂದರೆ, ಆಟವು ಅದನ್ನು ಓದುವ ಹಂತದಲ್ಲೇ ಬೀಳುತ್ತಿರಬೇಕು.

ಅದರ ಹೆಸರಿಗೂ `_old` ಸೇರಿಸಿದೆ. ಈ ಸಲ ಆಟ ತೆರೆದುಕೊಂಡು, ಶೇಡರ್‌ಗಳನ್ನು ಸಿದ್ಧಪಡಿಸುತ್ತಿರುವುದಾಗಿ ತಿಳಿಸಿ, ಏಳೆಂಟು ನಿಮಿಷ ಪ್ರೊಸೆಸರನ್ನು ಪೂರ್ತಿ ದುಡಿಸಿತು. ಈ ಹೊತ್ತಿನಲ್ಲಿ ಆಟ ಸಿಕ್ಕಿಹಾಕಿಕೊಂಡಿದೆಯೆಂದು ಟಾಸ್ಕ್ ಮ್ಯಾನೇಜರಿನಿಂದ ಮುಚ್ಚುವವರು ಬಹಳ ಮಂದಿ. ಹಾಗೆ ಮಾಡಿದರೆ ಅರ್ಧ ಬರೆದ ಸಂಗ್ರಹ ಉಳಿದು ಹೊಸ ತೊಂದರೆಯಾಗಬಹುದು. ಕೊನೆಗೆ ಮೆನು ಬಂತು, ಸೇವ್‌ಗಳೂ ಇದ್ದವು.

ಗ್ರಾಹಕರು ಹೊರಡಲು ಎದ್ದರೂ ನಾನು ಇನ್ನೊಂದು ಪರೀಕ್ಷೆ ಮಾಡಿದೆ. ಹೊಸ ಕ್ಯಾಶನ್ನು ಹಾಗೆಯೇ ಬಿಟ್ಟು, ಹಳೆಯ ಕಾನ್ಫಿಗನ್ನು ಮಾತ್ರ ಮರಳಿ ಇಟ್ಟಾಗ ಆಟ ಮತ್ತೆ ಲೋಗೊದಲ್ಲೇ ಬಿತ್ತು. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಡಿಎಲ್‌ಎಸ್‌ಎಸ್ ಆಯ್ಕೆಯ ಒಂದು ಸಾಲನ್ನು ತೆಗೆದೆ, ಆಟ ತೆರೆದುಕೊಂಡಿತು. ಹೀಗೆ ಕಾರಣಗಳು ಎರಡು, ಒಂದರ ಹಿಂದೆ ಒಂದು ಅಡಗಿದ್ದವು ಎಂಬುದು ಖಚಿತವಾಯಿತು. ಕಾನ್ಫಿಗನ್ನು ಬದಲಿಸಿದ ಮೇಲೂ ಆಟ ಬಿದ್ದದ್ದನ್ನು ಕಂಡು ‘ಇದಲ್ಲ’ ಎಂದು ಹಳೆಯದನ್ನೇ ಮರಳಿಟ್ಟು ಕ್ಯಾಶನ್ನು ತೆಗೆದಿದ್ದರೆ, ಅದೂ ಫಲ ಕೊಡುತ್ತಿರಲಿಲ್ಲ.

ಹೊಸ ಕಾನ್ಫಿಗ್‌ನಿಂದ ಒಂದು ನಷ್ಟವಿದೆ, ಕೀಲಿಗಳ ಜೋಡಣೆ ಆಟದ ಮೂಲ ಸ್ಥಿತಿಗೆ ಮರಳುತ್ತದೆ. ಈ ಎಂಜಿನ್‌ನ ಹಲವು ಆಟಗಳಲ್ಲಿ ಅದು `Input.ini` ಎಂಬ ಪ್ರತ್ಯೇಕ ಫೈಲಿನಲ್ಲಿರುವುದರಿಂದ, ಅದೊಂದನ್ನು `Config_old`ನಿಂದ ಹೊಸ ಫೋಲ್ಡರಿಗೆ ನಕಲಿಸಬಹುದು. ಅದರಲ್ಲಿ ಗ್ರಾಫಿಕ್ಸ್‌ಗೆ ಸಂಬಂಧಿಸಿದ್ದೇನೂ ಇರುವುದಿಲ್ಲ. ಕ್ಲೌಡನ್ನು ಮರಳಿ ಚಾಲೂ ಮಾಡಿದಾಗ ಸ್ಟೀಮ್ ಯಾವ ಪ್ರತಿ ಬೇಕೆಂದು ಕೇಳಿದರೆ ಈ ಕಂಪ್ಯೂಟರಿನ ಪ್ರತಿಯನ್ನೇ ಆರಿಸಬೇಕು, ಇಲ್ಲವಾದರೆ ಹಳೆಯ ಕಾನ್ಫಿಗ್ ಮತ್ತೆ ಬಂದು ಕೂರುತ್ತದೆ. `NVIDIA\DXCache`ನಲ್ಲಿ ಉಳಿದಿದ್ದ ಹಳೆಯ ಕಾರ್ಡಿನ ಸಂಗ್ರಹವನ್ನು ಕೊನೆಯಲ್ಲಿ ಅಳಿಸಿದೆ. ಅದರಿಂದ ದೊರೆತದ್ದು ಡಿಸ್ಕಿನಲ್ಲಿ ಸ್ವಲ್ಪ ಜಾಗ ಮಾತ್ರ. `_old` ಹೆಸರಿನವನ್ನು ಎರಡು ವಾರ ಹಾಗೆಯೇ ಬಿಟ್ಟು, ಆಟ ಸರಿಯಾಗಿ ನಡೆದರೆ ತೆಗೆದುಹಾಕಿ ಎಂದು ಹೇಳಿ ಕಳಿಸಿದೆ.